ರೋಸ್ ವಾಟರ್ ಬಾಟಲಿಯೊಳಗೆ ಬಿಳಿ ನೂಲು

ಪ್ರಶ್ನೆ: ತೀರ್ಥಹಳ್ಳಿ ಹತ್ತಿರದ ಊರು ನಮ್ಮದು. ಹಿತ್ತಲಿನ ಪನ್ನೀರು ಗುಲಾಬಿ ಒಂದು ಕೆಜಿ ಕೂಡಿಸಿ, ಕುಕ್ಕರಿಗೆ ತಾಮ್ರದ ಕೊಳವೆ ಕಟ್ಟಿ ಬಟ್ಟಿ ಇಳಿಸಿದೆ. ಎರಡು ಲೀಟರ್ ನೀರು ಬಂತು, ಎಣ್ಣೆ ಒಂದು ಹನಿಯೂ ಇಲ್ಲ. ತೆಳು ಬಟ್ಟೆಯಲ್ಲಿ ಸೋಸಿ, ತೊಳೆದ ಹಳೇ ಬಾಟಲಿಗಳಿಗೆ ತುಂಬಿ ಬಚ್ಚಲಿನ ಕಿಟಕಿಯಲ್ಲಿ ಇಟ್ಟಿದ್ದೆ. ಐದು ವಾರಕ್ಕೆ ತಳದಲ್ಲಿ ಬಿಳಿ ನೂಲಿನ ಹಾಗೆ ಏನೋ ತೇಲುತ್ತಿದೆ. ಬಟ್ಟಿ ಇಳಿಸಿದ ನೀರೂ ಕೆಡುತ್ತದಾ? ಮತ್ತೆ ಸೋಸಿ ಕುದಿಸಿದರೆ ಬಳಸಬಹುದಾ? ಎರಡು ಹನಿ ರೋಸ್ ಆಯಿಲ್ ಹಾಕಿದ್ದರೆ ಕೆಡುತ್ತಿರಲಿಲ್ಲವಾ?

ಉತ್ತರ: ಆ ನೀರನ್ನು ಚೆಲ್ಲಿಬಿಡಿ. ಗಿಡದ ಬುಡಕ್ಕೆ ಹಾಕಿದರೂ ಆಯ್ತು, ಮುಖಕ್ಕೆ ಮಾತ್ರ ಬೇಡ. ನಿಮ್ಮ ಬಾಟಲಿಯಲ್ಲಿರುವುದು ಬೂಷ್ಟು. ಅದನ್ನು ಸೋಸಿದರೆ ಕಣ್ಣಿಗೆ ಕಾಣುವ ನೂಲು ಹೋಗುತ್ತದೆ, ಅದರ ಬೀಜಕಣ, ಜೊತೆಗೆ ಬೆಳೆದ ಬ್ಯಾಕ್ಟೀರಿಯಾ ಎಲ್ಲ ನೀರಿನಲ್ಲೇ ಉಳಿಯುತ್ತವೆ. ಕುದಿಸಿದರೆ ಹೆಚ್ಚಿನವು ಸಾಯುತ್ತವೆ ನಿಜ, ಆದರೆ ಅವು ಬಿಟ್ಟ ಕಸ ನೀರಿನಲ್ಲೇ ಇರುತ್ತದೆ, ಹೋಗುವುದು ನಿಮ್ಮ ಗುಲಾಬಿಯ ಪರಿಮಳ.

ಮೊದಲು ಎಣ್ಣೆ ಯಾಕೆ ಬರಲಿಲ್ಲ ಅಂತ ನೋಡೋಣ, ಕೆಡುವುದರ ಗುಟ್ಟೂ ಅಲ್ಲೇ ಇದೆ. ಒಂದು ಕೆಜಿ ಗುಲಾಬಿ ಎಣ್ಣೆಗೆ ಮೂರೂವರೆ, ನಾಲ್ಕು ಸಾವಿರ ಕೆಜಿ ಹೂವು ಬೇಕು. ಅಂದರೆ ನಿಮ್ಮ ಒಂದು ಕೆಜಿ ಹೂವಿಗೆ ಸಿಗುವುದು ಕಾಲು ಗ್ರಾಂ, ಕೆಲವೇ ಹನಿ. ಅಷ್ಟು ಕಡಿಮೆ ಎಣ್ಣೆ ಎರಡು ಲೀಟರ್ ನೀರಿನಲ್ಲಿ ಪೂರ್ತಿ ಕರಗಿ, ಚದುರಿ ಹೋಗುತ್ತದೆ, ಮೇಲೆ ಪದರವಾಗಿ ನಿಲ್ಲುವುದಿಲ್ಲ. ಗುಲಾಬಿಯಲ್ಲಿ ಇನ್ನೊಂದು ವಿಶೇಷ ಇದೆ. ಅದರ ಪರಿಮಳದ ದೊಡ್ಡ ಪಾಲು ಫಿನೈಲ್ ಈಥೈಲ್ ಆಲ್ಕೋಹಾಲ್ ಎಂಬ ವಸ್ತುವಿನದು. ಅದು ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಹಾಗಾಗಿ ಎಣ್ಣೆಗಿಂತ ಜಾಸ್ತಿ ನೀರಿಗೇ ಹೋಗುತ್ತದೆ. ಬಟ್ಟಿ ಇಳಿಸಿದ ರೋಸ್ ವಾಟರ್ ನಿಜವಾದ ಗುಲಾಬಿಯ ಹಾಗೆ ಘಮಘಮಿಸುವುದು ಅದಕ್ಕೇ. ಹೀಗೆ ಹಬೆಯ ಜೊತೆ ಬಂದು ತಣಿದ ಪರಿಮಳದ ನೀರಿಗೇ ಹೈಡ್ರೋಸಾಲ್ ಅನ್ನುವುದು.

ಹಾಗಾಗಿ ಹೈಡ್ರೋಸಾಲನ್ನು ತೆಳು ಮಾಡಿದ ಎಣ್ಣೆ ಅಂದುಕೊಳ್ಳಬೇಡಿ. ಎಸೆನ್ಶಿಯಲ್ ಆಯಿಲ್‌ನಲ್ಲಿ ನೀರೇ ಇಲ್ಲ, ನೀರಿಲ್ಲದ ಕಡೆ ಬೂಷ್ಟಾಗಲಿ ಬ್ಯಾಕ್ಟೀರಿಯಾವಾಗಲಿ ಬೆಳೆಯುವುದಿಲ್ಲ. ಅದು ಕೆಡುವುದು ಗಾಳಿ, ಬೆಳಕು, ಬಿಸಿಗೆ. ಮಜ್ಜಿಗೆ ಹುಲ್ಲಿನ ಎಣ್ಣೆ ಹಳೆಯದಾದಾಗ ವಾಸನೆ ಬದಲಾಗಿ ಮಂದವಾಗುತ್ತದಲ್ಲ, ಹಾಗೆ. ಹೈಡ್ರೋಸಾಲ್ ಹೆಚ್ಚುಕಮ್ಮಿ ಪೂರ್ತಿ ನೀರು. ಅದರಲ್ಲಿ ಹೂವಿನ ಅಂಶ ಇರುವುದು ಸ್ವಲ್ಪ, ಆದರೆ ಸೂಕ್ಷ್ಮಜೀವಿಗಳಿಗೆ ಅಷ್ಟು ಊಟ ಸಾಕು. ಕೆಲವು ಜಾತಿಯ ಬ್ಯಾಕ್ಟೀರಿಯಾ, ಉದಾಹರಣೆಗೆ ಸ್ಯೂಡೋಮೊನಾಸ್, ಬರೀ ಡಿಸ್ಟಿಲ್ಡ್ ವಾಟರ್‌ನಲ್ಲೂ ಬೆಳೆಯುತ್ತವೆ.

ಎರಡು ಹನಿ ಎಣ್ಣೆ ಹಾಕಿದ್ದರೂ ಅದು ಕೆಡುತ್ತಿತ್ತು. ಗುಲಾಬಿಯ ಆ ಪರಿಮಳದ ವಸ್ತುವಿಗೆ ಬ್ಯಾಕ್ಟೀರಿಯಾ ತಡೆಯುವ ಗುಣ ಇರುವುದು ಸುಳ್ಳಲ್ಲ. ಪ್ರಯೋಗಾಲಯದಲ್ಲಿ ಒಂದು ಲೀಟರಿಗೆ ಎರಡೂವರೆ ಗ್ರಾಂ ಹಾಕಿ, ಒಂದು ಗುಂಪಿನ ಬ್ಯಾಕ್ಟೀರಿಯಾವನ್ನು ತಡೆಯಲು ಬಳಸುತ್ತಾರೆ. ನಿಮ್ಮ ರೋಸ್ ವಾಟರ್‌ನಲ್ಲಿ ಅಷ್ಟು ಇರಲು ಸಾಧ್ಯವೇ ಇಲ್ಲ, ಒಂದು ಕೆಜಿ ಹೂವು ಎಲ್ಲಿ, ಎರಡು ಲೀಟರ್ ನೀರು ಎಲ್ಲಿ! ಮೇಲಿಂದ ಹಾಕಿದ ಎಣ್ಣೆ ಸುಮ್ನೆ ಮೇಲೆ ತೇಲುತ್ತದೆ, ಆ ತೇಲುವ ಹನಿ ನೇರ ಮುಖಕ್ಕೆ ತಾಗಿದರೆ ಚರ್ಮ ಉರಿಯಬಹುದು.

ನಿಮ್ಮ ಲೆಕ್ಕ ತಪ್ಪಿದ್ದು ಎಲ್ಲಿ ಅಂತ ಈಗ ಹೇಳುತ್ತೇನೆ. ಕೊಳವೆಯ ಬಾಯಿಂದ ಬೀಳುವಾಗ ಆ ನೀರು ಶುದ್ಧ, ಹಬೆಯ ಬಿಸಿ ದಾಟಿ ಬಂದಿರುತ್ತದಲ್ಲ. ಅಲ್ಲಿಂದ ಮುಂದೆ ಅದು ಮುಟ್ಟುವ ಪ್ರತಿಯೊಂದೂ ಅದಕ್ಕೆ ಏನಾದರೂ ಸೇರಿಸುತ್ತದೆ. ನಿಮ್ಮಲ್ಲಿ ಮೊದಲ ಅನುಮಾನ ಸೋಸಿದ ಬಟ್ಟೆಯ ಮೇಲೆ. ಮಳೆಗಾಲದಲ್ಲಿ ಮಲೆನಾಡಿನ ಬಟ್ಟೆ ಪೂರ್ತಿ ಒಣಗುವುದು ಯಾವಾಗ ಹೇಳಿ? ಒಣಗಿದ ಹಾಗೆ ಕಂಡರೂ ಎಳೆಯೊಳಗೆ ಪಸೆ ಇರುತ್ತದೆ, ಬೂಷ್ಟಿಗೆ ಅದೇ ಮನೆ. ನಾನು ಒಮ್ಮೆ ಮಜ್ಜಿಗೆ ಹುಲ್ಲಿನ ನೀರನ್ನು ಎರಡು ಪಾಲು ಮಾಡಿ, ಒಂದನ್ನು ಪಾಣಿಪಂಚೆಯಲ್ಲಿ ಸೋಸಿ, ಇನ್ನೊಂದನ್ನು ಕೊಳವೆಯಿಂದಲೇ ನೇರ ಕುದಿಸಿದ ಬಾಟಲಿಗೆ ಹಿಡಿದು, ಎರಡನ್ನೂ ಒಂದೇ ಫ್ರಿಜ್‌ನಲ್ಲಿ ಇಟ್ಟಿದ್ದೆ. ಸೋಸಿದ್ದು ಮೂರು ವಾರಕ್ಕೆ ಮಬ್ಬಾಯಿತು. ಸೋಸದ್ದು ನಾಲ್ಕು ತಿಂಗಳಾದರೂ ತಿಳಿಯಾಗಿಯೇ ಇತ್ತು. ಅವತ್ತಿನಿಂದ ನಾನು ಸೋಸುವುದನ್ನೇ ಬಿಟ್ಟೆ.

ಮುಂದಿನ ಸಲ ಹೀಗೆ ಮಾಡಿ. ನೂರು ಮಿಲಿಯ ಸಣ್ಣ ಗಾಜಿನ ಬಾಟಲಿಗಳನ್ನು ತೊಳೆದು, ಹತ್ತು ನಿಮಿಷ ನೀರಿನಲ್ಲಿ ಕುದಿಸಿ, ಬಾಯಿ ಕೆಳಗೆ ಮಾಡಿ ಒಲೆಯ ಬಿಸಿ ತಾಗುವ ಕಡೆ ಪೂರ್ತಿ ಒಣಗಿಸಿ. ಬಟ್ಟೆಯಿಂದ ಒಳಗೆ ಒರೆಸಬೇಡಿ. ಮುಚ್ಚಳ ಬಿಸಿ ತಡೆಯದಿದ್ದರೆ ಔಷಧಿ ಅಂಗಡಿಯ ಸ್ಪಿರಿಟ್‌ನಲ್ಲಿ ಒರೆಸಿ ಆರಲು ಬಿಡಿ. ಹೂವು ಹಾಕುವ ಮೊದಲು ಕುಕ್ಕರಿನಲ್ಲಿ ಬರೀ ನೀರು ಕುದಿಸಿ ಹತ್ತು ನಿಮಿಷ ಕೊಳವೆಯಲ್ಲಿ ಹಬೆ ಹಾಯಿಸಿ, ಒಳಗಿನ ಹಳೇ ಪಸೆ ತೊಳೆದು ಹೋಗುತ್ತದೆ. ಒಂದು ಕೆಜಿ ಹೂವಿಗೆ ಒಂದು ಲೀಟರ್ ಬಂದ ಮೇಲೆ ನಿಲ್ಲಿಸಿ. ಆಮೇಲೆ ಬರುವ ನೀರಿನಲ್ಲಿ ಪರಿಮಳ ಕಡಿಮೆ, ಬೇಯಿಸಿದ ಸೊಪ್ಪಿನ ವಾಸನೆ ಜಾಸ್ತಿ. ನೀವು ಎರಡು ಲೀಟರ್ ಹಿಡಿದಿದ್ದರಿಂದ ಒಳ್ಳೆಯ ನೀರೂ ತೆಳುವಾಯಿತು. ಬಾಟಲಿಯನ್ನು ಕುತ್ತಿಗೆವರೆಗೆ ತುಂಬಿ, ಮುಚ್ಚಿ ಫ್ರಿಜ್‌ಗೆ ಇಡಿ. ಬಚ್ಚಲು ಬೇಡವೇ ಬೇಡ, ಹಂಡೆಯ ಬಿಸಿ ಮತ್ತು ತೇವ ಎರಡೂ ಅಲ್ಲಿವೆ.

ಸಣ್ಣ ಬಾಟಲಿ ಅಂದಿದ್ದು ಯಾಕೆಂದರೆ ತೆರೆದದ್ದು ಒಂದು ತಿಂಗಳಲ್ಲಿ ಮುಗಿಯಬೇಕು. ಸ್ಪ್ರೇ ಮುಚ್ಚಳ ಹಾಕಿದರೆ ಬೆರಳು, ಹತ್ತಿ ಬಾಟಲಿಯ ಬಾಯಿಗೆ ತಾಗುವುದಿಲ್ಲ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋದರೆ ಫ್ರಿಜ್ ನಂಬಿ ಕೂರಬೇಡಿ, ಅಂಥ ಸಮಯದಲ್ಲಿ ತೆರೆದ ಬಾಟಲಿ ಬೇಗ ಮುಗಿಸಿ. ಫ್ರಿಜ್ ಇಲ್ಲದೆ ಇಡಲೇಬೇಕೆಂದರೆ ಲೀಟರಿಗೆ ಎರಡು ಗ್ರಾಂ ಪೊಟ್ಯಾಸಿಯಂ ಸಾರ್ಬೇಟ್, ಎರಡು ಗ್ರಾಂ ಸೋಡಿಯಂ ಬೆಂಜೋಯೇಟ್ ಹಾಕಿ ಕರಗಿಸಿ, ಆಮೇಲೆ ಚಿಟಿಕೆ ಚಿಟಿಕೆಯಾಗಿ ಸಿಟ್ರಿಕ್ ಆಸಿಡ್ ಸೇರಿಸುತ್ತಾ ಪಿಎಚ್ ಪಟ್ಟಿಯಲ್ಲಿ ನೋಡಿ 4.5ರ ಹತ್ತಿರ ತನ್ನಿ. ಪಿಎಚ್ 5 ದಾಟಿದರೆ ಇವೆರಡರ ಕೆಲಸ ಕುಗ್ಗುತ್ತದೆ. ಹೀಗೆ ಮಾಡಿದ್ದು ಮೈಗೆ ಮಾತ್ರ, ಪಾಯಸಕ್ಕಲ್ಲ.

ಹೊಸ ಬಾಟಲಿ ಮೊದಲ ದಿನವೇ ಸ್ವಲ್ಪ ಹಾಲಿನಂತೆ ಕಂಡರೆ ಹೆದರಬೇಡಿ. ಅದು ಚದುರಿದ ಎಣ್ಣೆಯ ಕಣ, ಕೆಲವು ದಿನದಲ್ಲಿ ತಿಳಿಯಾಗುತ್ತದೆ. ಮೊದಲು ಹೊಗೆ, ಬೇಯಿಸಿದ ವಾಸನೆ ಬಂದರೂ ಅದು ವಾರಗಳಲ್ಲಿ ಇಳಿಯುತ್ತದೆ. ಅದರ ಉಲ್ಟಾ ಆದರೆ, ಅಂದರೆ ತಿಳಿಯಾಗಿದ್ದದ್ದು ಆಮೇಲೆ ಮಬ್ಬಾದರೆ, ಗೋಡೆಗೆ ಲೋಳೆ ಅಂಟಿದರೆ, ನೂಲು ಅಥವಾ ಹತ್ತಿಯ ಉಂಡೆ ಕಂಡರೆ, ಹುಳಿ ಅಥವಾ ಮಣ್ಣಿನ ವಾಸನೆ ಬಂದರೆ ಅದು ಕೆಟ್ಟಿದೆ. ಬಾಟಲಿಯನ್ನು ಬೆಳಕಿಗೆ ಹಿಡಿದು ನಿಧಾನ ತಿರುಗಿಸಿ ನೋಡುವುದು ಒಳ್ಳೆಯದು. ಆದರೂ ಕಣ್ಣನ್ನು ಪೂರ್ತಿ ನಂಬಬೇಡಿ: ಮಿಲಿಗೆ ಲಕ್ಷ ಬ್ಯಾಕ್ಟೀರಿಯಾ ಇದ್ದರೂ ನೀರು ತಿಳಿಯಾಗಿಯೇ ಕಾಣಬಹುದು.

ಅದಕ್ಕೇ ಒಂದು ಮಾತು ಒತ್ತಿ ಹೇಳುತ್ತೇನೆ. ಕಣ್ಣು ಉರಿದಾಗ ರೋಸ್ ವಾಟರ್ ಹನಿ ಬಿಡುವುದು ನಮ್ಮ ಅಜ್ಜಿಯರ ಅಭ್ಯಾಸ, ನಿಮ್ಮ ಮನೆಯಲ್ಲೂ ಇರಬಹುದು. ಮನೆಯಲ್ಲಿ ಇಳಿಸಿದ್ದನ್ನು ಕಣ್ಣಿಗೆ, ತೆರೆದ ಗಾಯಕ್ಕೆ, ಎಳೆ ಮಗುವಿನ ಮುಖಕ್ಕೆ ಹಾಕಬೇಡಿ. ಕಣ್ಣಿನ ಔಷಧಿ ಸೂಕ್ಷ್ಮಜೀವಿ ಒಂದೂ ಇಲ್ಲದ ಹಾಗೆ ತಯಾರಾಗಬೇಕು, ಸ್ಯೂಡೋಮೊನಾಸ್ ಕಣ್ಣಿನ ಕರಿಗುಡ್ಡೆಯ ಮೇಲಿನ ಪದರಕ್ಕೆ ಸೇರಿದರೆ ಒಂದೆರಡು ದಿನದಲ್ಲೇ ಹುಣ್ಣು ಮಾಡಿ ದೃಷ್ಟಿಯನ್ನೇ ಕೆಡಿಸಬಲ್ಲದು. ನೀವು ಈ ಐದು ವಾರದಲ್ಲಿ ಆ ಬಾಟಲಿಯಿಂದ ಯಾರ ಕಣ್ಣಿಗಾದರೂ ಬಿಟ್ಟಿದ್ದು, ಈಗ ಕೆಂಪು, ನೋವು, ಮಸುಕು ಇದ್ದರೆ ನಾಳೆ ಅನ್ನದೆ ಇವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ, ಬಾಟಲಿಯನ್ನೂ ಜೊತೆಗೆ ಒಯ್ಯಿರಿ.