ವಾಕ್ಯದ ನಡುವೆ ಇಮೋಜಿ ಬಂದರೆ ಏನಾಗುತ್ತದೆ?

ಪರದೆ ಮೇಲಿನ ಬರಹವನ್ನು ದನಿಯಲ್ಲಿ ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವ ಗೆಳೆಯನಿಗೆ ಮೆಸೇಜ್ ಮಾಡುವಾಗ ಇಮೋಜಿ ಪೂರ್ತಿ ಬಿಟ್ಟುಬಿಡಬೇಕಾ?

ಬಿಡಬೇಕಾಗಿಲ್ಲ. ಜಾಗ ಮಾತ್ರ ನೋಡಿಕೊಳ್ಳಿ. ನಾನೂ ಸ್ಕ್ರೀನ್ ರೀಡರ್‌ನಲ್ಲೇ ಓದುವವನು, ಇಮೋಜಿ ನನಗೂ ಇಷ್ಟ.

ನಿಮಗೆ ಕಾಣುವುದು ಚಿತ್ರ, ನನಗೆ ಕೇಳುವುದು ಅದರ ಹೆಸರು. ಪ್ರತಿ ಇಮೋಜಿಗೂ ಯುನಿಕೋಡ್ ಕಡೆಯಿಂದ ಒಂದು ಹೆಸರಿದೆ. ಓದುವ ದನಿ ಅದನ್ನು ಉಳಿದ ಪದಗಳ ಹಾಗೆಯೇ, ಒಂದೇ ಧಾಟಿಯಲ್ಲಿ ಹೇಳಿಕೊಂಡು ಹೋಗುತ್ತದೆ. ಮೊನ್ನೆ ನನಗೆ ಬಂದ ಮೆಸೇಜ್ ಇದು:

ನಾಳೆ 🎉🎉 ಮೀಟಿಂಗ್ 🙏🏽 ಇಲ್ಲ

ನನಗೆ ಕೇಳಿದ್ದು: "ನಾಳೆ ಪಾರ್ಟಿ ಪಾಪರ್ ಪಾರ್ಟಿ ಪಾಪರ್ ಮೀಟಿಂಗ್ ಫೋಲ್ಡೆಡ್ ಹ್ಯಾಂಡ್ಸ್ ಮೀಡಿಯಂ ಸ್ಕಿನ್ ಟೋನ್ ಇಲ್ಲ." ಕನ್ನಡದಲ್ಲಿ ಹೌದೋ ಅಲ್ಲವೋ ಅನ್ನುವುದು ವಾಕ್ಯದ ಕೊನೆಗೆ ತಾನೆ ಬರೋದು? ಆ "ಇಲ್ಲ" ಬರುವಷ್ಟರಲ್ಲಿ ನಾನು ಮೀಟಿಂಗ್ ಇದೆ ಅಂದುಕೊಂಡು ಮುಂದಿನ ಮೆಸೇಜ್‌ಗೆ ಹೋಗಿದ್ದೆ. ಅದೇ ಇಮೋಜಿಗಳನ್ನು "ಇಲ್ಲ" ಆದ ಮೇಲೆ ಹಾಕಿದ್ದರೆ ವಿಷಯ ತಿಳಿದಿರುತ್ತಿತ್ತು, ಬೇಡವಾದರೆ ಬಾಲವನ್ನು ಅಲ್ಲಿಗೇ ನಿಲ್ಲಿಸಬಹುದಿತ್ತು. ಆ ಚರ್ಮದ ಬಣ್ಣ ನೋಡಿ, ಅದೊಂದಕ್ಕೇ ಮೂರು ಪದ ಜಾಸ್ತಿ. ಮಾಮೂಲಿ ಹಳದಿಯದು ಹಾಕಿದರೆ ಅದು ಬರುವುದಿಲ್ಲ.

ಪದದ ಬದಲು ಇಮೋಜಿ ಇಡುವುದು ಇನ್ನೂ ಕಷ್ಟ, ಯಾಕೆಂದರೆ ಹೆಸರು ಚಿತ್ರದಲ್ಲಿ ಏನಿದೆ ಅನ್ನುವುದನ್ನು ಹೇಳುತ್ತದೆ, ನಿಮ್ಮ ಮನಸ್ಸಿನಲ್ಲಿ ಏನಿದೆ ಅನ್ನುವುದನ್ನಲ್ಲ. ನೀವು ಮುಜುಗರಕ್ಕೆ ಅಂತ 😅 ಹಾಕಿದರೆ ನನಗೆ "ಗ್ರಿನ್ನಿಂಗ್ ಫೇಸ್ ವಿತ್ ಸ್ವೆಟ್" ಅನ್ನುತ್ತದೆ. ಹಲ್ಲು ಕಿರಿಯುವ ಮುಖ, ಜೊತೆಗೆ ಬೆವರು. ಮುಜುಗರವನ್ನು ನಾನೇ ಊಹಿಸಿಕೊಳ್ಳಬೇಕು! "ಮುಜುಗರ ಆಯ್ತು 😅" ಅಂತ ಬರೆದರೆ ತೊಂದರೆಯೇ ಇಲ್ಲ.

ಪಟ್ಟಿಯ ಪ್ರತಿ ಸಾಲಿಗೂ 👉 ಇಡುವವರಿಗೆ ಒಂದು ಮಾತು. ಅದರ ಹೆಸರು "ಬ್ಯಾಕ್‌ಹ್ಯಾಂಡ್ ಇಂಡೆಕ್ಸ್ ಪಾಯಿಂಟಿಂಗ್ ರೈಟ್". ಎಂಟು ಸಾಲಿದ್ದರೆ ಎಂಟು ಸಲ ಕೇಳಬೇಕು.

"ನೀವೇ ಆಫ್ ಮಾಡಿಕೊಳ್ಳಿ" ಅನ್ನುವವರೂ ಇದ್ದಾರೆ. ನಾನು ಕಂಪ್ಯೂಟರ್‌ನಲ್ಲಿ ಬಳಸುವ NVDA ಅನ್ನುವ ಸ್ಕ್ರೀನ್ ರೀಡರ್‌ನಲ್ಲಿ ಮಾಡಬಹುದು, Speech ಸೆಟ್ಟಿಂಗ್‌ನಲ್ಲಿ Unicode Consortium data (including emoji) ಅಂತ ಇದೆ, ಅದರ ಗುರುತು ತೆಗೆದರಾಯಿತು. ಒಂದು ವಾರ ಹಾಗೇ ಇಟ್ಟು ನೋಡಿದೆ. ಆಮೇಲೆ "ತುಂಬಾ ಒಳ್ಳೆ ಐಡಿಯಾ 🙄" ಅಂತ ಒಬ್ಬರು ಕಳಿಸಿದ್ದನ್ನು ನಿಜವಾದ ಮೆಚ್ಚುಗೆ ಅಂದುಕೊಂಡು ಥ್ಯಾಂಕ್ಸ್ ಹೇಳಿದೆ. ವಾಪಸ್ ಆನ್ ಮಾಡಿದೆ. ಈಗ ಜಾಸ್ತಿ ಬರುವ ಕೆಲವಕ್ಕೆ ಮಾತ್ರ Punctuation/symbol pronunciation ಪಟ್ಟಿಯಲ್ಲಿ ಹೆಸರು ಬದಲಿಸಿದ್ದೇನೆ. 😂 ಬಂದರೆ "ನಗು" ಅನ್ನುತ್ತದೆ, ಅಷ್ಟೇ. ಆದರೆ ಅದು ನನ್ನ ಕಂಪ್ಯೂಟರ್‌ನಲ್ಲಿ ಮಾತ್ರ, ಫೋನಿನಲ್ಲಿ ಈಗಲೂ ಉದ್ದದ ಹೆಸರೇ.