b2 ಕಾಲಾಳನ್ನು ತಿನ್ನಬೇಕೇ, ಬಿಡಬೇಕೇ?

"ಸಿಸಿಲಿಯನ್ ನಜ್ದಾರ್ಫ್‌ನಲ್ಲಿ 6.Bg5 e6 7.f4 Qb6 ಆದ ಮೇಲೆ ಬಿಳಿ 8.a3 ಆಡಿದ. ನಾನು b2 ಕಾಲಾಳನ್ನು ತಿಂದೆ, ರಾಣಿಯೇ ಹೋಯಿತು. ಇಂಥದ್ದನ್ನು ಯಾವಾಗ ತಿನ್ನಬೇಕು, ಯಾವಾಗ ಬಿಟ್ಟು ಕಾಯಿಗಳನ್ನು ಹೊರತರಬೇಕು?"

ಕಾರಣ ಆ a3. ಅದು ನೋಡಲು ಸೋಮಾರಿ ನಡೆ, ಆದರೆ ರಾಣಿ ಹಿಂದಿರುಗುವ a3, b4 ಎರಡೂ ಮನೆಗಳನ್ನು ಕಿತ್ತುಕೊಳ್ಳುತ್ತದೆ. ನೀವು ತಿಂದ ಮೇಲೆ ಬಂದದ್ದು 9.Na4 ಇರಬೇಕು. ಆಗ b6 ಕುದುರೆಯ ಕೈಯಲ್ಲಿದೆ, b3 ಮತ್ತು b5 ಅನ್ನು d4ರ ಕುದುರೆ ಕಾಯುತ್ತದೆ, c3ಗೆ ಹೋಗಿ ಶಹ ಕೊಟ್ಟರೂ a4ರ ಕುದುರೆಯೇ ಹೊಡೆಯುತ್ತದೆ.

ಹಾಗಾಗಿ ತಿನ್ನುವ ಮೊದಲು c3ರ ಕುದುರೆಯನ್ನು ಮನಸ್ಸಿನಲ್ಲೇ a4ಗೆ ಇಟ್ಟು, ರಾಣಿಗೆ ಹೊರದಾರಿ ಹುಡುಕಿ. ಸಿಗದಿದ್ದರೆ ಮುಂದಿನ ಲೆಕ್ಕವೇ ಬೇಡ, 8...Nc6 ಆಡಿ ಕಾಯಿಗಳನ್ನು ಹೊರತನ್ನಿ.

ಬಿಳಿ 8.Qd2 ಆಡಿದ್ದರೆ ಮಾತು ಬೇರೆ. 8...Qxb2 9.Rb1 Qa3 ಎಂದು ರಾಣಿ ತಪ್ಪಿಸಿಕೊಳ್ಳುತ್ತದೆ. ಈಗ ಬೆಲೆ ಎಣಿಸಿ: ಒಂದು ಕಾಲಾಳಿಗಾಗಿ ರಾಣಿಯದೇ ಮೂರು ನಡೆ, ರಾಜ ಇನ್ನೂ ನಡುವೆಯೇ, ಎದುರಾಳಿ e5 ತಳ್ಳಲು ಸಿದ್ಧ. ಆ ದಾಳಿಗೆ ನಿಮ್ಮ ಉತ್ತರ ಮೊದಲೇ ಗೊತ್ತಿದ್ದರೆ ತಿನ್ನಿ. 1972ರ ವಿಶ್ವ ಚಾಂಪಿಯನ್‌ಶಿಪ್‌ನ 11ನೇ ಆಟದಲ್ಲಿ ಫಿಷರ್ ಇದೇ ಕಾಲಾಳನ್ನು ತಿಂದು, ಸ್ಪಾಸ್ಕಿಗೆ ರಾಣಿಯನ್ನು ಕಳೆದುಕೊಂಡು ಸೋತರು. ಸಿದ್ಧತೆಯಿಲ್ಲದೆ, ಅದರಲ್ಲೂ ಗಡಿಯಾರ ಓಡುತ್ತಿರುವಾಗ, ನಾನಂತೂ ಮುಟ್ಟುವುದಿಲ್ಲ.

ನಿಮ್ಮ ಆಟದಲ್ಲಿ 9.Na4 ಅಲ್ಲದೆ ಬೇರೇನಾದರೂ ಬಂದಿದ್ದರೆ ನಡೆಗಳ ಪೂರ್ತಿ ಪಟ್ಟಿ ಹಾಕಿ, ನೋಡೋಣ.