‘ನಿಯಮಿತವಾಗಿ’ ಅಂದರೆ ವಾರಕ್ಕೆ ಎಷ್ಟು ಸಲ?

*ಸಂಪಾದಕರೇ, ನಮ್ಮ ಬಡಾವಣೆಯಲ್ಲಿ 42 ಮನೆಗಳಿವೆ. ಹಸಿ ಕಸದ ಗಾಡಿ ಒಂದು ದಿನ ಬಂದರೆ ಎರಡು ದಿನ ನಾಪತ್ತೆ. ‘ನಿಯಮಿತವಾಗಿ ಮನೆ ಮನೆಯಿಂದ ಕಸ ಸಂಗ್ರಹಿಸಬೇಕಾಗಿ ವಿನಂತಿ’ ಅಂತ ಪುರಸಭೆಗೆ ಎರಡು ಸಲ ಬರೆದೆವು. ಉತ್ತರ ಇಲ್ಲ. ಮಳೆಗಾಲಕ್ಕೆ ಮೊದಲು ಮೂರನೇ ಪತ್ರ ಕೊಡಬೇಕೆಂದಿದ್ದೇವೆ. ಹೇಗೆ ಬರೆದರೆ ಕೆಲಸ ಆದೀತು? ಹಿಂದಿನ ಪತ್ರದ ಪ್ರತಿ ಇಟ್ಟಿದ್ದೇನೆ.*
*— ಕಾರ್ಯದರ್ಶಿ, ನಿವಾಸಿಗಳ ಸಂಘ (ಊರಿನ ಹೆಸರು ಬೇಡ), ಉತ್ತರ ಕನ್ನಡ ಕರಾವಳಿ*

ಕಾರ್ಯದರ್ಶಿಗಳೇ, ನಿಮ್ಮ ಪತ್ರದ ಪ್ರತಿ ಓದಿದೆ. ಒಂದೂವರೆ ಪುಟ ಇದೆ. ಸ್ವಚ್ಛತೆ, ಡೆಂಗ್ಯೂ, ಬೀದಿನಾಯಿ, ಮುಂದಿನ ಪೀಳಿಗೆ ಎಲ್ಲವೂ ಬಂದಿವೆ. ಗಾಡಿ ಬಾರದ ದಿನದ ತಾರೀಕು ಮಾತ್ರ ಒಂದೂ ಇಲ್ಲ.

ಇಂಥ ಪತ್ರ ಕೊನೆಗೆ ಬರುವುದು ಆರೋಗ್ಯ ನಿರೀಕ್ಷಕರ ಮೇಜಿಗೆ. ಅವರು ದಫೇದಾರರನ್ನು ಕರೆದು ಕೇಳುತ್ತಾರೆ. ‘ಗಾಡಿ ಹೋಗ್ತಾ ಇದೆ ಸಾರ್’ ಅನ್ನುತ್ತಾರೆ ಅವರು. ಅದು ಸುಳ್ಳೂ ಅಲ್ಲ, ಹೋಗುತ್ತಲೇ ಇರುತ್ತದಲ್ಲ! ಪತ್ರ ಫೈಲಿಗೆ ಸೇರುತ್ತದೆ. ‘ನಿಯಮಿತವಾಗಿ’ ಅನ್ನುವ ಶಬ್ದಕ್ಕೆ ನೀವು ಒಂದು ಅರ್ಥ ಹಿಡಿದಿದ್ದೀರಿ, ಅವರು ಇನ್ನೊಂದು ಹಿಡಿದಿದ್ದಾರೆ.

ನನ್ನದೇ ಕಥೆ ಹೇಳುತ್ತೇನೆ. ಹಿಂದೆ ನಾನಿದ್ದ ಊರಿನಲ್ಲಿ ನಮ್ಮ ಓಣಿಗೂ ಹೀಗೇ ಆಗುತ್ತಿತ್ತು. ಬೈದುಕೊಂಡು ಸುಮ್ನಿದ್ದೆವು. ಪಕ್ಕದ ಮನೆಯ ನಿವೃತ್ತ ಮಾಸ್ತರರು ಮಾತ್ರ ಸುಮ್ಮನಿರಲಿಲ್ಲ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕತೊಡಗಿದರು. ಗಾಡಿ ಬಂದರೆ ಗಂಟೆ ಬರೆಯುವುದು, ಬಾರದಿದ್ದರೆ ಕಾಟು ಹೊಡೆಯುವುದು. ಮೂರು ವಾರ ಕಳೆದ ಮೇಲೆ ನೋಡಿದರೆ ಕಾಟುಗಳೆಲ್ಲ ಹೆಚ್ಚುಕಮ್ಮಿ ಒಂದೇ ಸಾಲಿನಲ್ಲಿ ನಿಂತಿದ್ದವು. ಅವೆಲ್ಲ ಸಂತೆಯ ಮರುದಿನಗಳು! ಸಂತೆ ಬಯಲಿನ ಸೊಪ್ಪು, ಎಲೆಕೋಸಿನ ಸಿಪ್ಪೆ ಎತ್ತಲು ನಮ್ಮ ಓಣಿಯ ಟಿಪ್ಪರನ್ನೇ ಅತ್ತ ಕಳಿಸುತ್ತಿದ್ದರು. ಚಾಲಕನ ತಪ್ಪಲ್ಲ, ದಫೇದಾರರ ಸೋಮಾರಿತನವೂ ಅಲ್ಲ. ಆ ದಿನಕ್ಕೆ ಒಂದು ಗಾಡಿ ಕಡಿಮೆ, ಅಷ್ಟೆ.

ಆದ್ದರಿಂದ ಪತ್ರಕ್ಕೆ ಮೊದಲು ನೀವೂ ಮೂರು ವಾರ ಬರೆದಿಡಿ. ಓಣಿಯ ಆರಂಭದಲ್ಲಿ ಒಂದು ಮನೆ, ಕೊನೆಯಲ್ಲಿ ಒಂದು ಮನೆ, ಎರಡು ಸಾಕು. ಎರಡು ಯಾಕೆಂದರೆ, ಎಷ್ಟೋ ಕಡೆ ಗಾಡಿ ಮುಖ್ಯರಸ್ತೆಯಲ್ಲಿ ಹಾಡು ಹಾಕಿ ಹೋಗುತ್ತದೆ, ಒಳಗಿನ ಅಡ್ಡರಸ್ತೆಗೆ ಬರುವುದಿಲ್ಲ. ಅಲ್ಲಿ ಟಿಪ್ಪರ್ ತಿರುಗಿಸಲು ಜಾಗ ಇರುವುದಿಲ್ಲ, ಹಿಮ್ಮುಖವಾಗಿ ಬರುವಾಗ ಚರಂಡಿಗೆ ಚಕ್ರ ಇಳಿಯುತ್ತದೆ. ಒಂದೇ ಮನೆಯ ಲೆಕ್ಕದಲ್ಲಿ ಇದು ಗೊತ್ತಾಗುವುದಿಲ್ಲ. ಹೀಗಿದ್ದರೆ ಕೊನೆಯ ಆರು ಮನೆಯವರು ಬಕೆಟ್ ಹಿಡಿದು ತಿರುವಿನವರೆಗೆ ಬರುತ್ತೇವೆ ಅಂತ ಪತ್ರದಲ್ಲೇ ಒಪ್ಪಿಕೊಳ್ಳಿ. ಕಚೇರಿಯವರಿಗೆ ‘ಆಗುವುದಿಲ್ಲ’ ಅನ್ನಲು ಒಂದು ಕಾರಣ ಕಡಿಮೆಯಾಗುತ್ತದೆ.

ಅವರು ತಿರುಗಿ ಕೇಳುವ ಮಾತೊಂದಿದೆ: ‘ನೀವು ಬೇರೆ ಮಾಡಿ ಕೊಡ್ತೀರಾ?’ ನ್ಯಾಯವಾದ ಪ್ರಶ್ನೆಯೇ. ಮನೆ ಮನೆಯಿಂದ ಕಸ ಪಡೆಯುವುದು ಸ್ಥಳೀಯ ಸಂಸ್ಥೆಯ ಹೊಣೆ, ಬೇರ್ಪಡಿಸಿ ಕೊಡುವುದು ನಮ್ಮ ಹೊಣೆ. ಎರಡೂ 2016ರಿಂದ ಘನತ್ಯಾಜ್ಯ ನಿಯಮಗಳಲ್ಲಿವೆ. ಕ್ಯಾರಿಬ್ಯಾಗಿಗೆ ಗಂಟು ಹಾಕಿ ಕೊಟ್ಟ ಹಸಿ ಕಸ ಗೊಬ್ಬರದ ರಾಶಿಗೆ ಹೋಗುವುದಿಲ್ಲ. ಗಂಟಿನೊಳಗೆ ಗಾಳಿ ಇಲ್ಲದೆ ಕೊಳೆತು ನೀರು ಬಿಡುತ್ತದೆ. ನಾರುವುದು ಆ ನೀರೇ. ಬಿಡಿಸಬೇಕಾದದ್ದು ಪೌರಕಾರ್ಮಿಕರ ಕೈ.

ಮುಚ್ಚಳದ ಬಕೆಟ್, ತಳದಲ್ಲಿ ಎರಡು ಹಾಳೆ ಹಳೇ ಪೇಪರ್, ಸಾಂಬಾರಿನ ನೀರು ಬಸಿದು ಹಾಕುವುದು, ಇಷ್ಟಾದರೆ ಒಂದು ದಿನ ಗಾಡಿ ತಪ್ಪಿದರೂ ತಡೆಯುತ್ತದೆ. ಮೀನು ಬೇರೆ ಮಾತು. ಸಿಗಡಿ ಸಿಪ್ಪೆ ರಾತ್ರಿ ಬಕೆಟ್ಟಿಗೆ ಬಿದ್ದರೆ ಬೆಳಿಗ್ಗೆಗೆ ಇಡೀ ಓಣಿಗೆ ಗೊತ್ತಾಗುತ್ತದೆ. ನಮ್ಮ ಕರಾವಳಿಯಲ್ಲಿ ಕೆಲವರು ಅದನ್ನು ಪೇಪರಿನಲ್ಲಿ ಸುತ್ತಿ ಫ್ರೀಜರಿನಲ್ಲಿಟ್ಟು, ಗಾಡಿಯ ಸದ್ದು ಕೇಳಿದ ಮೇಲೆ ಹೊರಗೆ ತರುತ್ತಾರೆ. ಅತ್ತೆಯವರ ಒಪ್ಪಿಗೆ ಬೇಕಾಗುತ್ತದೆ, ಆದರೆ ನಡೆಯುತ್ತದೆ. ತೆಂಗಿನ ಕರಟ, ಎಳನೀರು ಬೊಂಡ ಹಸಿ ಕಸದ ಜೊತೆ ಹಾಕಬೇಡಿ. ಅವು ತಿಂಗಳುಗಟ್ಟಲೆ ಕೊಳೆಯುವುದಿಲ್ಲ. ಬಚ್ಚಲ ಒಲೆಗೆ ಬೇಕಾದವರು ನಿಮ್ಮ ಓಣಿಯಲ್ಲೇ ಇದ್ದಾರು.

ಇನ್ನೊಂದು ಸಣ್ಣ ಲೆಕ್ಕ. ದಿನಕ್ಕೆ 100 ಕಿಲೋ ಅಥವಾ ಅದಕ್ಕಿಂತ ಜಾಸ್ತಿ ಕಸ ಹುಟ್ಟಿಸುವವರನ್ನು ನಿಯಮ ದೊಡ್ಡ ಉತ್ಪಾದಕರೆಂದು ಕರೆಯುತ್ತದೆ. ಅಂಥವರಿಗೆ ಹಸಿ ಕಸವನ್ನು ತಾವೇ ವಿಲೇವಾರಿ ಮಾಡಿಕೊಳ್ಳಿ ಅನ್ನಬಹುದು. ನಿಮ್ಮ ಸಂಘಕ್ಕೂ ಯಾರಾದರೂ ಹಾಗೆ ಹೇಳಿಯಾರು. ಮನೆಗೆ ಒಣದು ಹಸಿದು ಸೇರಿ ಒಂದೂಕಾಲು ಕಿಲೋ ಹಿಡಿದರೂ 42 ಮನೆಗೆ ಐವತ್ತರ ಆಸುಪಾಸು. ಒಂದು ದಿನ ತಕ್ಕಡಿಯಲ್ಲಿ ತೂಗಿ ನೋಡಿ, ಆ ಅಂಕಿಯನ್ನೇ ಪತ್ರದಲ್ಲಿ ಹಾಕಿ.

ಪತ್ರ ಹೀಗಿರಲಿ, ಒಂದು ಪುಟ ದಾಟುವುದು ಬೇಡ:

*ಮುಖ್ಯಾಧಿಕಾರಿಗಳು, ಪುರಸಭೆ. ವಿಷಯ: ನಮ್ಮ ಬಡಾವಣೆಗೆ ಹಸಿ ಕಸದ ಗಾಡಿಯ ದಿನ ಮತ್ತು ಸಮಯ ಗೊತ್ತುಮಾಡುವ ಬಗ್ಗೆ.*
*ಮಾನ್ಯರೇ, ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ 21 ದಿನಗಳಲ್ಲಿ ಗಾಡಿ ಇಷ್ಟು ದಿನ ಬಂದಿದೆ, ಇಷ್ಟು ದಿನ ಬಂದಿಲ್ಲ. ದಿನವಾರು ಪಟ್ಟಿ ಲಗತ್ತಿಸಿದೆ. 42 ಮನೆಯವರೂ ಹಸಿ ಕಸವನ್ನು ಚೀಲವಿಲ್ಲದೆ, ಬೇರೆ ಬಕೆಟಿನಲ್ಲಿ ಕೊಡುತ್ತೇವೆ. ಟಿಪ್ಪರ್ ತಿರುಗದ ಅಡ್ಡರಸ್ತೆಯವರು ತಿರುವಿಗೆ ತಂದು ಕೊಡುತ್ತೇವೆ. ನಮ್ಮ ಕೋರಿಕೆ: ಗಾಡಿ ಬರುವ ದಿನಗಳು ಮತ್ತು ವೇಳೆಯನ್ನು ಬರಹದಲ್ಲಿ ತಿಳಿಸಬೇಕು. ಗಾಡಿ ಕೆಟ್ಟ ದಿನ ಸಂಜೆಯೊಳಗೆ ಬದಲಿ ಗಾಡಿ ಕಳಿಸಬೇಕು. ಸಂಘದ ಪರವಾಗಿ ಸಂಪರ್ಕಿಸಬೇಕಾದವರ ಹೆಸರು, ಫೋನ್ ಕೆಳಗಿದೆ.*

‘ಮುಖ್ಯಾಧಿಕಾರಿ’ ಎಂದು ಬರೆದದ್ದು ನಿಮ್ಮದು ಪುರಸಭೆ ಎಂಬ ಕಾರಣಕ್ಕೆ. ಕಾರವಾರ, ಶಿರಸಿಯ ಓದುಗರು ‘ಪೌರಾಯುಕ್ತರು’ ಎಂದು ಬರೆಯಬೇಕು, ಅಲ್ಲಿರುವುದು ನಗರಸಭೆ. ಸಹಿಗೆ ಮನೆಗೊಬ್ಬರು ಸಾಕು. ಸಹಿಯ ಪಕ್ಕ ಆಸ್ತಿ ತೆರಿಗೆಯ ಸಂಖ್ಯೆ ಬರೆಸಿದರೆ ಯಾವ ಮನೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಪತ್ರವನ್ನು ಯಾರದೋ ಕೈಗೆ ಕೊಟ್ಟು ಬರಬೇಡಿ. ನಿಮ್ಮ ಮೊದಲೆರಡು ಪತ್ರಗಳ ಪ್ರತಿಯಲ್ಲಿ ಮೊಹರಿಲ್ಲ. ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು, ತಾರೀಕು, ನಂಬರ್ ಹಾಕಿಸಿಕೊಳ್ಳಿ. ಒಂದು ಪ್ರತಿ ವಾರ್ಡಿನ ಸದಸ್ಯರಿಗೆ. ಹದಿನೈದು ದಿನ ಕಾದು ಆರೋಗ್ಯ ನಿರೀಕ್ಷಕರನ್ನು ಆ ನಂಬರ್ ಹಿಡಿದು ಕಾಣಿ. ಬೆಳಿಗ್ಗೆ ಬೇಡ, ಆಗ ಅವರು ಬೀದಿಯಲ್ಲಿರುತ್ತಾರೆ.

ಆಗಲೂ ಉತ್ತರವಿಲ್ಲದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ. ‘ಯಾಕೆ ಬರುತ್ತಿಲ್ಲ’ ಅಂತ ಕೇಳಿದರೆ ಮಾಹಿತಿ ಸಿಗುವುದಿಲ್ಲ. ‘ನಮ್ಮ ವಾರ್ಡಿನ ಟಿಪ್ಪರಿನ ಲಾಗ್ ಪುಸ್ತಕದ ಪ್ರತಿ, ಈ ತಿಂಗಳಿನದು’ ಅಂತ ಕೇಳಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. 30 ದಿನದಲ್ಲಿ ಉತ್ತರ ಕೊಡಬೇಕು. ಅದು ಕೈಗೆ ಬಂದ ಮೇಲೆ ನಿಮ್ಮ ಕ್ಯಾಲೆಂಡರಿನ ಪಕ್ಕ ಇಟ್ಟು ನೋಡಿ. ಎರಡೂ ತಾಳೆಯಾಗದಿದ್ದರೆ ಕಾರವಾರದ ಜಿಲ್ಲಾಧಿಕಾರಿ ಕಚೇರಿಯ ನಗರಾಭಿವೃದ್ಧಿ ಕೋಶಕ್ಕೆ ಕೊಡಲು ಗಟ್ಟಿಯಾದ ಕಾಗದ ಸಿಕ್ಕಿತು.

ನಮ್ಮ ಓಣಿಯದು ಅಷ್ಟು ದೂರ ಹೋಗಲಿಲ್ಲ. ಮಾಸ್ತರರು ಕ್ಯಾಲೆಂಡರಿನ ಹಾಳೆಯನ್ನೇ ಕಿತ್ತು ಒಯ್ದು ತೋರಿಸಿದರು. ಸಂತೆಯ ಮರುದಿನ ಬೆಳಿಗ್ಗೆ ಗಾಡಿ ಕೊಡಲು ಆಗುವುದೇ ಇಲ್ಲ ಅಂದರು ಕಚೇರಿಯವರು. ಮಧ್ಯಾಹ್ನ ಎರಡು ಗಂಟೆಗೆ ಆದೀತಾ ಅಂತ ಇವರು ಕೇಳಿದರು. ಆ ವಾರದಿಂದ ಎರಡಕ್ಕೆ ಬರತೊಡಗಿತು.